ಕರೆಂಟು ಹೋದ ಗಳಿಗೆಯಲ್ಲಿ ಕಾರ್ಡು ಏನು ಮಾಡುತ್ತಿತ್ತು?

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಮಳೆಯ ಲೆಕ್ಕ ಇಡುವುದು ಒಂದು ರಾಸ್ಪ್‌ಬೆರಿ ಪೈ. ಅಂಗಳದ ಕಂಬದ ಮೇಲೆ ಮಳೆಮಾಪಕ ಇದೆ. ಅದರೊಳಗಿನ ಪುಟ್ಟ ತೊಟ್ಟಿ 0.2 ಮಿಲಿಮೀಟರ್ ಮಳೆ ತುಂಬಿದಾಗಲೆಲ್ಲ ಒಮ್ಮೆ ಮಗುಚಿಕೊಳ್ಳುತ್ತದೆ. ಎಷ್ಟು ಸಲ ಮಗುಚಿತು ಎಂದು ಎಣಿಸಿ ನಿಮಿಷಕ್ಕೊಂದು ಸಾಲು ಬರೆದಿಡುವುದು ಜಗಲಿಯ ಗೋಡೆಗೆ ತಗುಲಿಸಿದ ಪ್ಲಾಸ್ಟಿಕ್ ಡಬ್ಬಿಯೊಳಗಿನ ಪೈನ ಕೆಲಸ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಯಾವ ವಾರ ಬಿಡುವು ಸಿಕ್ಕೀತು ಎಂದು ಹಿಂದಿನ ವರ್ಷಗಳ ಮಳೆ ನೋಡಿ ಅಂದಾಜು ಹಾಕುವ ಆ ಮನೆಯವರಿಗೆ ಇದು ಆಟದ ಸಾಮಾನಲ್ಲ.

ಜುಲೈ ತಿಂಗಳ ಒಂದು ಸಂಜೆ ಅಲ್ಲಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮಲೆನಾಡಿನಲ್ಲಿ ಮಳೆಗಾಲದ ಕರೆಂಟು ಹೀಗೇ. ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದಿರುತ್ತದೆ, ಲೈನ್‌ಮನ್ ಅದನ್ನು ಸರಿಸಿ ಲೈನು ಕೊಟ್ಟು ನೋಡುತ್ತಾನೆ, ಮುಂದಿನ ಕಂಬದಲ್ಲಿ ಮತ್ತೇನೋ ತಗುಲಿ ಟ್ರಿಪ್ ಆಗುತ್ತದೆ. ರಾತ್ರಿ ಕರೆಂಟು ನಿಂತ ಮೇಲೆ ಪೈ ತಾನಾಗಿ ಎದ್ದು ಕೆಲಸ ಶುರುಮಾಡಿತು. ಮರುದಿನ ಬೆಳಿಗ್ಗೆ ಯಜಮಾನರು ಫೋನ್ ಮಾಡಿದರು: "ಹೊರಗೆ ಮಳೆ ಬಡೀತಾ ಇದೆ ಮಾರಾಯ್ರೆ, ಇದು ನೋಡಿದ್ರೆ ರಾತ್ರಿ ಎರಡೂವರೆಗೇ ನಿಂತುಬಿಟ್ಟಿದೆ."

ಪೈ ಸತ್ತಿರಲಿಲ್ಲ. ನೆಟ್‌ವರ್ಕ್ ಮೂಲಕ ಲಾಗಿನ್ ಆಗುತ್ತಿತ್ತು, ಹಳೆಯ ಫೈಲುಗಳನ್ನು ತೆರೆದು ಓದಬಹುದಿತ್ತು, ಗಡಿಯಾರವೂ ಸರಿಯಾಗಿತ್ತು. ಒಂದು ಖಾಲಿ ಫೈಲ್ ಮಾಡಲು ಹೋದರೆ ಮಾತ್ರ ಹೀಗೆ ಉತ್ತರ ಬರುತ್ತಿತ್ತು:

```
touch: cannot touch 'test': Read-only file system
```

ಫೈಲ್ ಸಿಸ್ಟಮ್ ರೀಡ್ ಓನ್ಲಿ ಆಗಿದೆ, ಅಂದರೆ ಓದಬಹುದು, ಬರೆಯುವಂತಿಲ್ಲ. ಪೈ, ಆರೆಂಜ್ ಪೈ ಮುಂತಾದ ಒಂದೇ ಬೋರ್ಡಿನ ಕಂಪ್ಯೂಟರುಗಳನ್ನು ಮೆಮೊರಿ ಕಾರ್ಡಿನ ಮೇಲೆ ನಡೆಸುವವರೆಲ್ಲ ಒಂದಲ್ಲ ಒಂದು ದಿನ ಈ ಸಾಲನ್ನು ನೋಡುತ್ತಾರೆ. ನೋಡಿದವರಲ್ಲಿ ಹೆಚ್ಚಿನವರು ಪ್ಲಗ್ ಕಿತ್ತು ಮತ್ತೆ ಹಾಕುತ್ತಾರೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸ ಯಾವುದಾದರೂ ಇದ್ದರೆ ಅದು ಅದೇ.

ಪ್ಲಗ್ ಕೀಳುವ ಮೊದಲು

ರೀಡ್ ಓನ್ಲಿ ಆಗುವುದು ರೋಗವಲ್ಲ, ಪಥ್ಯ. ಕಾರ್ಡಿನ ಮೇಲೆ ಬರೆಯಲು ಹೋದ ಲಿನಕ್ಸ್ ಕರ್ನಲ್‌ಗೆ ಏನೋ ಕೆಟ್ಟಿದೆ ಎಂದು ಗೊತ್ತಾಗಿದೆ. ಇನ್ನೂ ಬರೆಯುತ್ತ ಹೋದರೆ ಕೆಟ್ಟದ್ದು ಹರಡುತ್ತದೆ ಎಂದು ಅದು ಬರವಣಿಗೆಯನ್ನೇ ನಿಲ್ಲಿಸಿದೆ. ಏಕೆ ನಿಲ್ಲಿಸಿತು ಎಂಬ ಕಾರಣವನ್ನು ಅದು ಬರೆದಿಟ್ಟಿರುತ್ತದೆ. ಆದರೆ ಕಾರ್ಡಿನ ಮೇಲೆ ಬರೆಯುವುದು ನಿಂತಿರುವುದರಿಂದ ಆ ಕಾರಣ ಇರುವುದು ರ್‍ಯಾಮ್‌ನಲ್ಲಿ ಮಾತ್ರ. ಪ್ಲಗ್ ಕಿತ್ತರೆ ಅದೂ ಹೋಯಿತು. ಆದ್ದರಿಂದ ಮೊದಲ ಕೆಲಸ ಅದನ್ನು ಓದುವುದು:

```
sudo dmesg | tail -n 50
```

ಆ ತೋಟದ ಪೈನಲ್ಲಿ ಕಂಡ ಸಾಲುಗಳ ತಿರುಳು ಇಷ್ಟು:

```
I/O error, dev mmcblk0, sector 15269888 op 0x1:(WRITE)
Aborting journal on device mmcblk0p2-8.
EXT4-fs error (device mmcblk0p2): Detected aborted journal
EXT4-fs (mmcblk0p2): Remounting filesystem read-only
```

mmcblk0 ಎಂದರೆ ಮೆಮೊರಿ ಕಾರ್ಡು. p2 ಅದರ ಎರಡನೆಯ ಭಾಗ. ಇಡೀ ಆಪರೇಟಿಂಗ್ ಸಿಸ್ಟಮ್ ಮತ್ತು ನಮ್ಮ ಫೈಲುಗಳು ಇರುವುದು ಅಲ್ಲಿ. ಮೊದಲ ಸಾಲು ಕಾರ್ಡು ಒಂದು ಬರವಣಿಗೆಯನ್ನು ನಿರಾಕರಿಸಿದ ವರದಿ. ಉಳಿದ ಮೂರು ಅದರ ಪರಿಣಾಮ. ಈ ಮೊದಲ ಸಾಲು ಇದೆಯೇ ಇಲ್ಲವೇ ಎಂಬುದರ ಮೇಲೆ ಮುಂದಿನ ತೀರ್ಮಾನ ನಿಂತಿದೆ. I/O error ಇಲ್ಲದೆ ಬರೀ EXT4-fs error ಇದ್ದರೆ ಫೈಲುಗಳ ಲೆಕ್ಕ ತಪ್ಪಿದೆ, ಕಾರ್ಡು ಇನ್ನೂ ಬದುಕಿರಬಹುದು. I/O error ಇದ್ದರೆ ಕಾರ್ಡೇ ಕೈಕೊಡುತ್ತಿದೆ.

ಎರಡನೆಯ ಕೆಲಸ, ಓದಲು ಬರುವಷ್ಟನ್ನು ಈಗಲೇ ಹೊರಗೆ ತೆಗೆಯುವುದು. ಪೈ ಓಡುತ್ತಿರುವಾಗಲೇ ಬೇರೆ ಕಂಪ್ಯೂಟರಿನಿಂದ ಎಳೆದುಕೊಳ್ಳಬಹುದು:

```
scp -r pi@192.168.1.20:/home/pi/male .
```

ಮಳೆಯ ಲೆಕ್ಕ ಇದ್ದದ್ದು male.db ಎಂಬ ಎಸ್‌ಕ್ಯೂಲೈಟ್ ಫೈಲಿನಲ್ಲಿ. ಪಕ್ಕದಲ್ಲಿ male.db-journal ಎಂಬ ಇನ್ನೊಂದು ಫೈಲೂ ಇತ್ತು. ಕಸವೆಂದು ಅದನ್ನು ಬಿಟ್ಟು ಬರುವವರಿದ್ದಾರೆ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಹಿಂದಕ್ಕೆ ಸರಿಪಡಿಸಲು ಬೇಕಾದ ಮಾಹಿತಿ ಇರುವುದು ಅದರಲ್ಲೇ. ಎರಡೂ ಜೊತೆಯಾಗಿಯೇ ಬರಬೇಕು.

ಇದರ ನಡುವೆ `sudo mount -o remount,rw /` ಎಂದು ಹೊಡೆದು ಬಲವಂತದಿಂದ ಬರೆಯಿಸುವ ಆಸೆ ಬರುತ್ತದೆ. ಜರ್ನಲ್ ನಿಂತುಹೋದ ಮೇಲೆ ಕರ್ನಲ್ ಅದಕ್ಕೆ ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು.

ಕಿರ್ದಿ ಸರಿಯಾಗಿದ್ದರೂ

ಲಿನಕ್ಸ್‌ಗೆ ಕರೆಂಟು ಹೋಗುವುದು ಹೊಸ ವಿಷಯವಲ್ಲ. ಪೈನ ಕಾರ್ಡಿನಲ್ಲಿ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಅದಕ್ಕೆಂದೇ ಜರ್ನಲ್ ಇಟ್ಟುಕೊಂಡಿದೆ. ಮಂಡಿಯ ಗುಮಾಸ್ತ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವ ಹಾಗೆ, ಯಾವ ಫೈಲು ಎಲ್ಲಿ ಇದೆ, ಎಷ್ಟು ದೊಡ್ಡದು ಎಂಬ ಬದಲಾವಣೆ ಮೊದಲು ಜರ್ನಲ್‌ನಲ್ಲಿ ದಾಖಲಾಗುತ್ತದೆ, ನಂತರ ತನ್ನ ಜಾಗಕ್ಕೆ ಹೋಗುತ್ತದೆ. ನಡುವೆ ಕರೆಂಟು ಹೋದರೆ ಮುಂದಿನ ಸಲ ಎದ್ದಾಗ ಜರ್ನಲ್ ಓದಿ ಪೂರ್ತಿ ದಾಖಲಾದದ್ದನ್ನು ಏರಿಸುತ್ತದೆ, ಅರ್ಧ ದಾಖಲಾದದ್ದನ್ನು ಬಿಡುತ್ತದೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಈ ದಾಖಲೆ ನಡೆಯುತ್ತದೆ. ಪ್ರೋಗ್ರಾಮು ಬರೆದದ್ದು ರ್‍ಯಾಮ್‌ನಲ್ಲಿ ಕಾದು ಕಾರ್ಡಿಗೆ ಇಳಿಯಲು 30 ಸೆಕೆಂಡಿನಷ್ಟು ಹೊತ್ತಾಗುವುದೂ ಉಂಟು. ಆದ್ದರಿಂದ ಕೊನೆಯ ಅರ್ಧ ನಿಮಿಷದ ಕೆಲಸ ಹೋಗಬಹುದು. ಕೊನೆಗೆ ಬರೆಯುತ್ತಿದ್ದ ಫೈಲು ಸೊನ್ನೆ ಬೈಟಿನದಾಗಿ ಉಳಿಯಬಹುದು. ಇಡೀ ಫೈಲ್ ಸಿಸ್ಟಮ್ ಕೆಡಬೇಕಾದ ಕಾರಣವಿಲ್ಲ.

ಹಾಗಿದ್ದರೂ ಕೆಡುತ್ತದೆ. ಏಕೆಂದರೆ ಜರ್ನಲ್‌ನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಕಾರ್ಡು "ಬರೆದಾಯಿತು" ಎಂದರೆ ಬರೆದಾಗಿರಬೇಕು, ಹಿಂದೆ ಬರೆದದ್ದು ಇದ್ದ ಹಾಗೆಯೇ ಇರಬೇಕು. ಮೆಮೊರಿ ಕಾರ್ಡು ಕರೆಂಟು ಹೋಗುವ ಗಳಿಗೆಯಲ್ಲಿ ಈ ಎರಡನ್ನೂ ಮುರಿಯಬಲ್ಲದು.

ಉಗುರಿನಗಲದ ಆ ಕಾರ್ಡಿನೊಳಗೆ ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್ಪಿನ ಜೊತೆ ಒಂದು ಪುಟ್ಟ ಪ್ರೊಸೆಸರ್ ಕೂಡ ಇದೆ. ಅದನ್ನು ಕಂಟ್ರೋಲರ್ ಎನ್ನುತ್ತಾರೆ. ಫ್ಲ್ಯಾಶ್‌ನಲ್ಲಿ ಒಮ್ಮೆ ಬರೆದ ಜಾಗದ ಮೇಲೆ ನೇರ ತಿದ್ದಿ ಬರೆಯಲು ಬರುವುದಿಲ್ಲ, ಮೊದಲು ಅಳಿಸಬೇಕು. ಬರೆಯುವುದು ಕೆಲವು ಕಿಲೋಬೈಟಿನ ಪುಟದ ಲೆಕ್ಕದಲ್ಲಿ, ಅಳಿಸುವುದು ಅಂಥ ನೂರಾರು ಪುಟಗಳಿರುವ ದೊಡ್ಡ ಬ್ಲಾಕಿನ ಲೆಕ್ಕದಲ್ಲಿ. ಹಾಗಾಗಿ ಲಿನಕ್ಸ್ ಒಂದು ಸಣ್ಣ ತಿದ್ದುಪಡಿ ಕೊಟ್ಟರೆ ಕಂಟ್ರೋಲರ್ ಅದನ್ನು ಬೇರೆ ಖಾಲಿ ಪುಟದಲ್ಲಿ ಬರೆದು, "ಇಂಥ ಸೆಕ್ಟರ್ ಈಗ ಇಲ್ಲಿದೆ" ಎಂದು ತನ್ನದೊಂದು ವಿಳಾಸಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಖಾಲಿ ಪುಟಗಳು ಮುಗಿಯುತ್ತ ಬಂದಾಗ ಬಳಕೆಯಲ್ಲಿರುವ ಪುಟಗಳನ್ನು ಒಂದೆಡೆ ಸಾಗಿಸಿ ಇಡೀ ಬ್ಲಾಕನ್ನು ಅಳಿಸುತ್ತದೆ. ಈ ಸಾಗಾಟ ಯಾವಾಗ ನಡೆಯುತ್ತದೆ ಎಂಬುದು ಲಿನಕ್ಸ್‌ಗೆ ಗೊತ್ತಾಗುವುದಿಲ್ಲ. ಅದರ ನಡುವೆ ಕರೆಂಟು ಹೋದರೆ ಕೆಡುವುದು ನಾವು ಈಗ ಬರೆದ ಸಾಲಲ್ಲ. ಆ ಹೊತ್ತಿಗೆ ಸಾಗಿಸುತ್ತಿದ್ದ ಯಾವುದೋ ಹಳೆಯ ಫೈಲಿನ ತುಂಡು, ಅಥವಾ ವಿಳಾಸಪಟ್ಟಿಯೇ. ಪಟ್ಟಿ ಕೆಟ್ಟರೆ ಕಾರ್ಡು ತನ್ನ ಗಾತ್ರವನ್ನೇ ತಪ್ಪಾಗಿ ಹೇಳುವುದು, ಅಥವಾ ಕಂಪ್ಯೂಟರಿಗೆ ಕಾಣಿಸಿಕೊಳ್ಳದೇ ಹೋಗುವುದು ಇದೆ.

ಇನ್ನೂ ವಿಚಿತ್ರವಾದದ್ದು ಫ್ಲ್ಯಾಶ್‌ನ ಕೋಶಗಳ ಒಳಗೆ ನಡೆಯುತ್ತದೆ. ಕಡಿಮೆ ಬೆಲೆಗೆ ಹೆಚ್ಚು ಜಾಗ ಕೊಡಲು ಇಂದಿನ ಕಾರ್ಡುಗಳು ಒಂದೊಂದು ಕೋಶದಲ್ಲೂ ಎರಡು ಅಥವಾ ಮೂರು ಬಿಟ್‌ಗಳನ್ನು ತುಂಬುತ್ತವೆ. ಮೂರು ಬಿಟ್ ಇಡಬೇಕಾದರೆ ಒಂದೇ ಕೋಶದಲ್ಲಿ ವಿದ್ಯುದಾವೇಶದ ಎಂಟು ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಆ ಮೂರು ಬಿಟ್‌ಗಳು ಒಂದೇ ಪುಟಕ್ಕೆ ಸೇರಿದವಲ್ಲ, ಬೇರೆ ಬೇರೆ ಪುಟಗಳವು. ಬೇರೆ ಬೇರೆ ಹೊತ್ತಿನಲ್ಲಿ ಬರೆದವೂ ಆಗಿರಬಹುದು. ಮೊದಲ ಪುಟ ಬರೆದು ಮುಗಿದಿದೆ, "ಆಯಿತು" ಎಂದು ಲಿನಕ್ಸ್‌ಗೆ ಹೇಳಿಯೂ ಆಗಿದೆ. ಈಗ ಅದೇ ಕೋಶಗಳಲ್ಲಿ ಎರಡನೆಯ ಪುಟ ಬರೆಯುವಾಗ ಆವೇಶದ ಮಟ್ಟವನ್ನು ಮೇಲಕ್ಕೆ ಸರಿಸಬೇಕು. ಆ ಸರಿಸುವಿಕೆ ಅರ್ಧದಲ್ಲಿ ನಿಂತರೆ ಮಟ್ಟ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡನೆಯ ಪುಟದ ಜೊತೆಗೆ, ಸರಿಯಾಗಿಯೇ ಬರೆದಾಗಿದ್ದ ಮೊದಲ ಪುಟವೂ ಓದಲು ಬಾರದಂತಾಗುತ್ತದೆ.

"ಆ ಫೈಲು ನಾನು ಮುಟ್ಟಿಯೇ ಇರಲಿಲ್ಲ, ಅದು ಹೇಗೆ ಕೆಟ್ಟಿತು?" ಎಂದು ಕೇಳುವವರಿಗೆ ಉತ್ತರ ಇದು. ಕರೆಂಟು ಸಂಜೆ ಆರಕ್ಕೆ ಹೋಗಿ ಪೈ ರೀಡ್ ಓನ್ಲಿ ಆದದ್ದು ರಾತ್ರಿ ಎರಡೂವರೆಗೆ ಏಕೆ ಎಂಬುದಕ್ಕೂ ಇದೇ ಉತ್ತರ. ಗಾಯ ಸಂಜೆಯೇ ಆಗಿತ್ತು. ಯಾವುದೋ ಕೆಲಸಕ್ಕೆ ಆ ಜಾಗವನ್ನು ಮುಟ್ಟುವವರೆಗೆ ಗೊತ್ತಾಗಲಿಲ್ಲ ಅಷ್ಟೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಡೇಟಾ ಸೆಂಟರುಗಳಿಗೆಂದು ಮಾಡುವ ಎಸ್‌ಎಸ್‌ಡಿಗಳಲ್ಲಿ ಕರೆಂಟು ಹೋದ ಮೇಲೂ ಹಿಡಿದ ಕೆಲಸ ಮುಗಿಸುವಷ್ಟು ಹೊತ್ತು ಜೀವ ಕೊಡುವ ಕೆಪಾಸಿಟರ್‌ಗಳಿವೆ. ಉಗುರಿನಗಲದ ಕಾರ್ಡಿನಲ್ಲಿ ಅವಕ್ಕೆ ಜಾಗವೇ ಇಲ್ಲ.

ಕಾರ್ಡಿನ ಮೇಲಿನ ಗುರುತುಗಳನ್ನು ನೋಡಿ ಇದನ್ನು ಅಳೆಯಲು ಹೋಗಬೇಡಿ. ಕ್ಲಾಸ್ 10 ಎಂದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯುವ ವೇಗ. ಎ1, ಎ2 ಎಂಬುವೂ ವೇಗದ ಗುರುತುಗಳೇ. ಸಿಸಿ ಕ್ಯಾಮೆರಾಗಳಿಗೆಂದು ಮಾರುವ "ಹೈ ಎಂಡ್ಯೂರೆನ್ಸ್" ಕಾರ್ಡುಗಳು ಹೆಚ್ಚು ಸಲ ಬರೆದರೂ ಸವೆಯುವುದಿಲ್ಲ ಎಂದು ಹೇಳುತ್ತವೆಯೇ ಹೊರತು ಬರೆಯುವಾಗ ಕರೆಂಟು ಹೋದರೆ ಏನಾದೀತೆಂದು ಹೇಳುವುದಿಲ್ಲ. ಪವರ್ ಲಾಸ್ ಪ್ರೊಟೆಕ್ಷನ್ ಎಂದು ಬರೆದ ಇಂಡಸ್ಟ್ರಿಯಲ್ ಕಾರ್ಡುಗಳಿವೆ. ಸಾಮಾನ್ಯ ಅಂಗಡಿಗಳಲ್ಲಿ ಅವು ಸಿಗುವುದು ಅಪರೂಪ, ಬೆಲೆಯೂ ಬಹಳ ಹೆಚ್ಚು.

ಉಳಿಸಿಕೊಳ್ಳುವ ಕೆಲಸ

ನಕಲು ತೆಗೆದುಕೊಂಡ ಮೇಲೆ ಪೈ ಆರಿಸಿ ಕಾರ್ಡನ್ನು ಹೊರತೆಗೆದು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಬೇಕು. ಕಾರ್ಡಿನ ಮೇಲೆಯೇ ರಿಪೇರಿ ಶುರುಮಾಡುವುದು ಒಳ್ಳೆಯದಲ್ಲ. ಸಾಯುತ್ತಿರುವ ಕಾರ್ಡಿಗೆ ರಿಪೇರಿ ಎಂದರೆ ಇನ್ನಷ್ಟು ಬರೆಯುವುದು. ಮೊದಲು ಅದರ ಪೂರ್ತಿ ಪ್ರತಿಯೊಂದನ್ನು ತೆಗೆದು, ರಿಪೇರಿಯನ್ನು ಪ್ರತಿಯ ಮೇಲೆ ಮಾಡಬೇಕು. ಕಾರ್ಡಿನ ಹೆಸರು sdb ಎಂದು `lsblk` ತೋರಿಸಿತು ಎಂದುಕೊಳ್ಳಿ:

```
sudo ddrescue -d /dev/sdb card.img card.map
sudo losetup -fP --show card.img
sudo e2fsck -f /dev/loop0p2
```

ಓದಲು ಬಾರದ ಜಾಗ ಸಿಕ್ಕರೆ ddrescue ಅಲ್ಲೇ ತಲೆ ಚಚ್ಚಿಕೊಳ್ಳದೆ ಮುಂದಕ್ಕೆ ಹೋಗಿ, ಬಿಟ್ಟುಹೋದದ್ದಕ್ಕೆ ಆಮೇಲೆ ಮತ್ತೆ ಬರುತ್ತದೆ. ಎರಡನೆಯ ಆಜ್ಞೆ ಆ ಪ್ರತಿಯನ್ನೇ ಒಂದು ಡಿಸ್ಕಿನಂತೆ ತೋರಿಸುತ್ತದೆ. ಅದು ಹೇಳುವ ಹೆಸರು loop0 ಅಲ್ಲದಿದ್ದರೆ ಮೂರನೆಯದರಲ್ಲಿ ಅದನ್ನು ಬದಲಿಸಿಕೊಳ್ಳಿ. ಯಜಮಾನನಿಲ್ಲದ ತುಂಡುಗಳನ್ನು e2fsck ಒಟ್ಟುಮಾಡಿ lost+found ಎಂಬ ಫೋಲ್ಡರಿನಲ್ಲಿ #131245 ರೀತಿಯ ಹೆಸರಿಟ್ಟು ಇಡುತ್ತದೆ. ಹೆಸರು ಹೋಗಿದ್ದರೂ ಒಳಗಿನ ಸರಕು ಇರಬಹುದು, ತೆರೆದು ನೋಡಬೇಕು.

ಮಳೆಯ ಫೈಲಿನ ಆರೋಗ್ಯ ಕೇಳಲು ಎಸ್‌ಕ್ಯೂಲೈಟ್‌ನಲ್ಲೇ ದಾರಿ ಇದೆ:

```
sqlite3 male.db "PRAGMA integrity_check;"
sqlite3 male.db ".recover" | sqlite3 hosa.db
```

ಮೊದಲನೆಯದು ok ಎಂದರೆ ಎರಡನೆಯದು ಬೇಡ. ಈ ಪ್ರಕರಣದಲ್ಲಿ ok ಬರಲಿಲ್ಲ. ಎರಡನೆಯ ಆಜ್ಞೆ ಓದಬಲ್ಲ ಸಾಲುಗಳನ್ನೆಲ್ಲ ಹೊಸ ಫೈಲಿಗೆ ತುಂಬಿತು. ನಡುವೆ ಜೂನ್ ತಿಂಗಳ ಕೆಲವು ದಿನಗಳು ಹೋಗಿದ್ದವು, ಜುಲೈ ಪೂರ್ತಿ ಇತ್ತು. ಹೊಸತು ಉಳಿದು ಹಳೆಯದು ಹೋಗಿತ್ತು. ಸಾಗಾಟದಲ್ಲಿ ಕೆಟ್ಟ ಕಾರ್ಡಿನಲ್ಲಿ ಹೀಗಾಗುವುದು ಸಹಜ.

ಇನ್ನು ಆ ಕಾರ್ಡನ್ನು ಏನು ಮಾಡುವುದು? ಒಂದು ಸುಲಭ ಪರೀಕ್ಷೆ ಇದೆ. ಕಂಪ್ಯೂಟರಿಗೆ ಹಾಕಿ ಒಂದು ಹೊಸ ಫೈಲ್ ಬರೆದು, ಸರಿಯಾಗಿ ಇಜೆಕ್ಟ್ ಮಾಡಿ, ಹೊರತೆಗೆದು ಮತ್ತೆ ಹಾಕಿ. ಆ ಫೈಲು ಇಲ್ಲದಿದ್ದರೆ, ಅಥವಾ ಫಾರ್ಮ್ಯಾಟ್ ಮಾಡಿದ ಮೇಲೂ ಹಳೆಯ ಫೈಲುಗಳೆಲ್ಲ ಎದ್ದು ಕೂತರೆ, ಬೀಗ ಹಾಕಿಕೊಂಡಿರುವುದು ಕಾರ್ಡಿನ ಕಂಟ್ರೋಲರ್. ತನ್ನೊಳಗೆ ಕೆಟ್ಟ ಬ್ಲಾಕುಗಳು ಮಿತಿ ಮೀರಿದಾಗ ಕೆಲವು ಕಾರ್ಡುಗಳು ಹೀಗೆ ಶಾಶ್ವತವಾಗಿ ಬರೆಯುವುದನ್ನು ನಿಲ್ಲಿಸುತ್ತವೆ. ಬರೆದಂತೆ ನಟಿಸಿ ಎಸೆದುಬಿಡುತ್ತವೆ ಎಂದರೂ ಸರಿ. ಇದಕ್ಕೆ ಯಾವ ಸಾಫ್ಟ್‌ವೇರ್ ಮದ್ದೂ ಇಲ್ಲ. ಅಡಾಪ್ಟರಿನ ಪಕ್ಕದಲ್ಲಿರುವ ಲಾಕ್ ಗುಂಡಿಯನ್ನು ಒಮ್ಮೆ ನೋಡಿ ಖಚಿತಪಡಿಸಿಕೊಂಡು ಕಸಕ್ಕೆ ಹಾಕುವುದೇ.

ಈ ಪರೀಕ್ಷೆಯಲ್ಲಿ ಪಾಸಾದ ಕಾರ್ಡನ್ನೂ ನಾನು ಮತ್ತೆ ಪೈಗೆ ಹಾಕುವುದಿಲ್ಲ. e2fsck ಸರಿಮಾಡುವುದು ಲೆಕ್ಕವನ್ನು. ಯಾವ ಪ್ರೋಗ್ರಾಮಿನ ಹೊಟ್ಟೆಯೊಳಗೆ ನಾಲ್ಕು ಬೈಟು ಕೆಟ್ಟಿವೆ ಎಂಬುದು ಅದಕ್ಕೆ ಕಾಣುವುದಿಲ್ಲ. ತಿಂಗಳ ನಂತರ ಅರ್ಥವಾಗದ ತೊಂದರೆ ಕೊಡುವ ಸಿಸ್ಟಮ್ ಇಟ್ಟುಕೊಳ್ಳುವುದಕ್ಕಿಂತ ಹೊಸ ಕಾರ್ಡಿಗೆ ಹೊಸದಾಗಿ ಸಿಸ್ಟಮ್ ಹಾಕಿ, ಉಳಿಸಿಕೊಂಡ ಲೆಕ್ಕವನ್ನು ಮಾತ್ರ ಅದಕ್ಕೆ ತರುವುದು ಕಡಿಮೆ ಕೆಲಸ.

ಬರೆಯದೇ ಇರುವುದು

"ಒಳ್ಳೆ ಕಂಪನಿ ಕಾರ್ಡೇ ಹಾಕಿದ್ದು, ಇನ್ನೂ ವರ್ಷ ಆಗಿಲ್ಲ ಮಾರಾಯ್ರೆ" ಎಂದು ಯಜಮಾನರು ಬೇಸರಪಟ್ಟರು. ಕಾರ್ಡಿನ ಕಂಪನಿ ಬದಲಿಸಿದರೆ ಇದು ನಿಲ್ಲುವುದಿಲ್ಲ. ಕರೆಂಟು ಹೋದಾಗ ಬರೆಯುತ್ತಿರದ ಕಾರ್ಡಿಗೆ ಅಪಾಯ ಬಹಳ ಕಡಿಮೆ. ಕಂಟ್ರೋಲರ್ ತನ್ನ ಪಾಡಿಗೆ ಒಳಗೆ ಏನಾದರೂ ಸಾಗಿಸುತ್ತಿದ್ದೀತು ಎಂಬಷ್ಟು ಮಾತ್ರ ಉಳಿಯುತ್ತದೆ. ಹಾಗಾದರೆ ಬರವಣಿಗೆಯನ್ನೇ ಕಡಿಮೆ ಮಾಡಬೇಕು.

ನಿಮಿಷಕ್ಕೊಂದು ಸಾಲು ಎಂದರೆ ದಿನಕ್ಕೆ 1,440 ಬರವಣಿಗೆ. ಸಾಲು ಕೆಲವೇ ಬೈಟಿನದಾದರೂ ಎಸ್‌ಕ್ಯೂಲೈಟ್ ಪ್ರತಿ ಸಲವೂ ತನ್ನ ಜರ್ನಲ್ ಫೈಲು ತೆರೆದು, ಬರೆದು, ಕಾರ್ಡಿಗೆ ಇಳಿಸಿ, ಮೂಲ ಫೈಲು ತಿದ್ದಿ, ಅದನ್ನೂ ಇಳಿಸಿ, ಜರ್ನಲ್ ಅಳಿಸುತ್ತದೆ. ಅದರ ಕೆಳಗೆ ಇಎಕ್ಸ್‌ಟಿ4ನ ಜರ್ನಲ್, ಅದರ ಕೆಳಗೆ ಕಾರ್ಡಿನ ಸಾಗಾಟ. ಜೊತೆಗೆ ಸಿಸ್ಟಮ್ ತಾನೇ ಬರೆದುಕೊಳ್ಳುವ ಲಾಗ್‌ಗಳು. ಲೆಕ್ಕವನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡು ಗಂಟೆಗೊಮ್ಮೆ 60 ಸಾಲು ಒಟ್ಟಿಗೆ ಬರೆದರೆ ಅಪಾಯದ ಗಳಿಗೆಗಳು ದಿನಕ್ಕೆ 24ಕ್ಕೆ ಇಳಿಯುತ್ತವೆ. ಬದಲಿಗೆ ಕರೆಂಟು ಹೋದರೆ ಒಂದು ಗಂಟೆಯವರೆಗಿನ ಮಳೆ ಹೋಗುತ್ತದೆ. ಮಳೆಯ ದಿನದ ಲೆಕ್ಕಕ್ಕೆ ಒಂದು ಗಂಟೆ ಸಣ್ಣದೇನಲ್ಲ. ಹತ್ತು ನಿಮಿಷಕ್ಕೊಮ್ಮೆ ಎಂದು ಕೊನೆಗೆ ಒಪ್ಪಂದವಾಯಿತು.

ದೊಡ್ಡ ಪರಿಹಾರ ಓವರ್‌ಲೇ. `sudo raspi-config` ಎಂದು ಹೊಡೆದು Performance Options ಒಳಗೆ Overlay File System ಆರಿಸಿದರೆ ಸಿಸ್ಟಮ್ ಇರುವ ಭಾಗವನ್ನು ಪೈ ತಾನಾಗಿಯೇ ರೀಡ್ ಓನ್ಲಿ ಮಾಡಿಕೊಂಡು ಮೇಲೆ ರ್‍ಯಾಮ್‌ನ ಒಂದು ಹೊದಿಕೆ ಹಾಸುತ್ತದೆ. ಪ್ರೋಗ್ರಾಮುಗಳು ಎಂದಿನಂತೆ ಬರೆಯುತ್ತವೆ, ಆದರೆ ಬರೆದದ್ದೆಲ್ಲ ಹೊದಿಕೆಯ ಮೇಲೆ. ಕರೆಂಟು ಹೋದರೆ ಹೊದಿಕೆ ಹೋಗುತ್ತದೆ, ಕಾರ್ಡು ಇದ್ದ ಹಾಗೇ ಇರುತ್ತದೆ. ಯಾವುದನ್ನು ಶಾಪ ಎಂದುಕೊಂಡಿದ್ದೆವೋ ಅದನ್ನೇ ಬೇಕೆಂದು ಕೇಳಿ ಪಡೆಯುವುದು ಇದು.

ಇದರ ತೊಡಕುಗಳನ್ನು ಮೊದಲೇ ತಿಳಿದಿರಬೇಕು. ಮಳೆಯ ಲೆಕ್ಕ ಬೇರೆ ಕಡೆ ಹೋಗಬೇಕು. ಒಂದು ಪೆನ್‌ಡ್ರೈವ್ ಆದೀತು. ಅದರೊಳಗೂ ಇದೇ ಜಾತಿಯ ಫ್ಲ್ಯಾಶ್ ಇದೆ, ಅದೂ ಕೆಡಬಹುದು, ಆದರೆ ಕೆಟ್ಟರೆ ಪೈ ಮಲಗುವುದಿಲ್ಲ. /etc/fstab ಫೈಲಿನ ಅದರ ಸಾಲಿನಲ್ಲಿ nofail ಎಂದು ಸೇರಿಸಿದರೆ ಪೆನ್‌ಡ್ರೈವ್ ಕೈಕೊಟ್ಟ ದಿನವೂ ಪೈ ಏಳುತ್ತದೆ. ಈಚಿನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಇನ್ನೊಂದು ಬಲೆ ಇದೆ. ಓವರ್‌ಲೇ ಹಾಕಿದಾಗ fstabನಲ್ಲಿರುವ ಪೆನ್‌ಡ್ರೈವ್ ಕೂಡ ಹೊದಿಕೆಯ ಕೆಳಗೆ ಸೇರಿಬಿಡಬಹುದು. ಎಲ್ಲವೂ ಬರೆದಂತೆ ಕಾಣುತ್ತದೆ, ರೀಬೂಟ್ ಆದರೆ ಏನೂ ಇಲ್ಲ. cmdline.txt ಫೈಲಿನಲ್ಲಿ overlayroot=tmpfs ಎಂದಿರುವುದನ್ನು `overlayroot=tmpfs:recurse=0` ಎಂದು ಬದಲಿಸಿದರೆ ಇದು ತಪ್ಪುತ್ತದೆ. ಇನ್ನು ಗಡಿಯಾರ. ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ಕರೆಂಟಿಲ್ಲದೆ ನಡೆಯುವ ಗಡಿಯಾರವೇ ಇಲ್ಲ. ಕೊನೆಗೆ ಕಾರ್ಡಿನಲ್ಲಿ ಬರೆದಿಟ್ಟ ಸಮಯದಿಂದ ಎದ್ದು, ಇಂಟರ್ನೆಟ್ ಸಿಕ್ಕಾಗ ಸರಿಪಡಿಸಿಕೊಳ್ಳುತ್ತವೆ. ಕಾರ್ಡಿನಲ್ಲಿ ಬರೆಯುವುದೇ ನಿಂತ ಮೇಲೆ ಆ ಸಮಯ ಓವರ್‌ಲೇ ಹಾಕಿದ ದಿನಕ್ಕೇ ಅಂಟಿಕೊಂಡಿರುತ್ತದೆ. ಕರೆಂಟು ಬಂದು ಇಂಟರ್ನೆಟ್ ಬಾರದ ಹೊತ್ತಿನ ಮಳೆ ಹಳೆಯ ತಾರೀಕಿಗೆ ಜಮೆಯಾಗುತ್ತದೆ. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡು ಹಾಕಿದರೆ ಈ ಚಿಂತೆ ಇಲ್ಲ.

ಕರೆಂಟಿನ ಕಡೆಯಿಂದಲೂ ಮಾಡುವುದಿದೆ. ಪೈ ಅತ್ಯಂತ ಹೆಚ್ಚು ಬರೆಯುವ ಸಮಯಗಳಲ್ಲಿ ಒಂದು ಅದು ಎದ್ದೇಳುವ ಮೊದಲ ನಿಮಿಷ: ಜರ್ನಲ್ ಏರಿಸುವುದು, ಫೈಲ್ ಸಿಸ್ಟಮ್ ತಪಾಸಣೆ, ಲಾಗ್‌ಗಳು. ಕರೆಂಟು ಬಂದು ಹತ್ತೇ ಸೆಕೆಂಡಿನಲ್ಲಿ ಮತ್ತೆ ಹೋದರೆ ಏಟು ಬೀಳುವುದು ಸರಿಯಾಗಿ ಈ ಹೊತ್ತಿಗೆ. ಹಾಗಾಗಿ ಒಂದು ಸಲ ಹೋಗಿ ಗಂಟೆಗಟ್ಟಲೆ ಬಾರದ ಕರೆಂಟಿಗಿಂತ ಬಂದು ಬಂದು ಹೋಗುವ ಕರೆಂಟು ಕಾರ್ಡಿಗೆ ಕೆಟ್ಟದ್ದು. ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಸರುಗಳಲ್ಲಿ ಕರೆಂಟು ಬಂದ ಮೇಲೆ ಕೆಲವು ನಿಮಿಷ ಕಾದು ಸಪ್ಲೈ ಕೊಡುವ ಟೈಮ್ ಡಿಲೇ ಇರುತ್ತದೆ. ಪೈನ ಚಾರ್ಜರನ್ನು ಅದರ ಮೂಲಕ ಕೊಟ್ಟರೆ ಲೈನ್‌ಮನ್‌ನ ಪ್ರಯೋಗಗಳೆಲ್ಲ ಮುಗಿದ ಮೇಲೇ ಪೈ ಏಳುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವ ಅಂತರ ಹೆಚ್ಚು.

ಚಾರ್ಜರ್ ಕೂಡ ಅನುಮಾನಕ್ಕೆ ಹೊರತಲ್ಲ. `vcgencmd get_throttled` ಎಂದು ಹೊಡೆದಾಗ throttled=0x0 ಬಂದರೆ ಸರಿ. 0x50000 ಬಂದರೆ ಪೈ ಎದ್ದ ಮೇಲೆ ಎಂದೋ ಒಮ್ಮೆ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗೆ ಇಳಿದಿತ್ತು ಎಂದು ಅರ್ಥ. ಮೊಬೈಲಿನ ಹಳೆಯ ಚಾರ್ಜರ್, ಸಣಕಲು ಕೇಬಲ್ ಹಾಕಿದವರಲ್ಲಿ ಇದು ಸಾಮಾನ್ಯ. ಅವರ ಪೈಗೆ ಕರೆಂಟು ಹೋಗದೆಯೂ ಕರೆಂಟು ಹೋದಂತಾಗಿರುತ್ತದೆ.

ಬ್ಯಾಟರಿ ಇರುವ ಯುಪಿಎಸ್ ಬೋರ್ಡುಗಳನ್ನು ಪೈ ಮೇಲೆಯೇ ಕೂರಿಸಬಹುದು. ಕರೆಂಟು ಹೋದ ಸುದ್ದಿಯನ್ನು ಪೈಗೆ ಒಂದು ಪಿನ್ನಿನ ಮೂಲಕ ತಿಳಿಸಿ, ಅದು ತಾನಾಗಿ ಶಟ್‌ಡೌನ್ ಆಗುವಂತೆ ಮಾಡುವ ಬೋರ್ಡನ್ನೇ ಕೊಳ್ಳಬೇಕು. ಸುಮ್ಮನೆ ಬ್ಯಾಟರಿ ಮುಗಿಯುವವರೆಗೆ ಓಡಿಸುವ ಬೋರ್ಡು ಅದೇ ಅಪಘಾತವನ್ನು ಎರಡು ಗಂಟೆ ಮುಂದೂಡುತ್ತದೆ ಅಷ್ಟೆ. ಇನ್ನೊಂದು ವಿಷಯ: ಪೈ ಶಟ್‌ಡೌನ್ ಆದ ಮೇಲೆ ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ಕರೆಂಟು ಬಂದರೆ, ಪೈಗೆ ಸಪ್ಲೈ ಕಡಿದೇ ಇರುವುದಿಲ್ಲವಾದ್ದರಿಂದ ಅದು ತಾನಾಗಿ ಏಳುವುದಿಲ್ಲ. ಶಟ್‌ಡೌನ್ ಆದ ಮೇಲೆ ಸಪ್ಲೈ ಕಡಿದು, ಕರೆಂಟು ಬಂದಾಗ ಮತ್ತೆ ಕೊಡುತ್ತದೆಯೇ ಎಂದು ಅಂಗಡಿಯವರನ್ನು ಕೇಳಿಯೇ ಕೊಳ್ಳಿ.

ಖರ್ಚಿನ ಲೆಕ್ಕದಲ್ಲಿ ನನ್ನ ಸಲಹೆ ಹೀಗಿದೆ. ಓವರ್‌ಲೇಗೆ ದುಡ್ಡಿಲ್ಲ, ಅದು ಮೊದಲು. ಆಮೇಲೆ ಸರಿಯಾದ ಚಾರ್ಜರ್, ಆಮೇಲೆ ಟೈಮ್ ಡಿಲೇ. ದುಬಾರಿ ಕಾರ್ಡಿನ ಯೋಚನೆ ಎಲ್ಲಕ್ಕಿಂತ ಕೊನೆಗೆ. ಎಲ್ಲ ಅಳವಡಿಸಿ ಆದ ಮೇಲೆ ಕಾರ್ಡಿನ ಒಂದು ಪೂರ್ತಿ ಪ್ರತಿ ತೆಗೆದಿಟ್ಟುಕೊಂಡು, ಪೈ ಓಡುತ್ತಿರುವಾಗಲೇ ನಾಲ್ಕಾರು ಸಲ ಪ್ಲಗ್ ಕಿತ್ತು ನೋಡಿ. ಪ್ರತಿ ಸಲವೂ ಅದು ಎದ್ದು, ಗಡಿಯಾರ ಸರಿಯಿದ್ದು, ಪೆನ್‌ಡ್ರೈವಿನಲ್ಲಿ ಹಿಂದಿನ ಸಾಲುಗಳು ಉಳಿದಿರಬೇಕು. ಈ ಪರೀಕ್ಷೆಯನ್ನು ಮಳೆಗಾಲಕ್ಕೆ ಮೊದಲು, ಮೇ ತಿಂಗಳೊಳಗೆ ಮುಗಿಸಿಕೊಳ್ಳಿ.